ರೆಡಿಮೇಡ್ ಪ್ರಾಜೆಕ್ಟ್ ಕೊಡುವ ಡೇಟಾ ಸೈನ್ಸ್ ಕೋರ್ಸ್: ಫೀಸ್ ಕಟ್ಟುವ ಮೊದಲು ಇದನ್ನು ಓದಿ

ಮೈಸೂರಿನ ಒಂದು ತರಬೇತಿ ಕೇಂದ್ರದ ವಿಷಯ ಇದು, ಹೆಸರು ಬೇಡ. ಮಂಡ್ಯದಿಂದ ದಿನಾ ರೈಲಿನಲ್ಲಿ ಬಂದು ಕಲಿಯುವವರೇ ನಮ್ಮ ಬ್ಯಾಚಿನಲ್ಲಿ ಜಾಸ್ತಿ. ಎಲ್ಲರ ರೆಸ್ಯೂಮೆಯಲ್ಲೂ ಒಂದೇ ಪ್ರಾಜೆಕ್ಟ್ ಹಾಕಿಸಿದರು: ಕ್ರೆಡಿಟ್ ಕಾರ್ಡ್ ವಂಚನೆ ಪತ್ತೆ, ಅಕ್ಯುರಸಿ ಶೇ. 99.9. ಸಂದರ್ಶನದಲ್ಲಿ ಒಪ್ಪಿಸಲು ಉತ್ತರಗಳ ಪಿಡಿಎಫ್ ಬೇರೆ. ನನ್ನ ಸಂದರ್ಶನ ಕೆಟ್ಟಿದ್ದು ಅದರಿಂದಲೇ.

ಆ ಪ್ರಾಜೆಕ್ಟಿನ ಡೇಟಾ ಕ್ಯಾಗಲ್ ಎಂಬ ಡೇಟಾ ಹಂಚುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಯುರೋಪಿನ ಕಾರ್ಡುಗಳ 2013ರ ಎರಡು ದಿನದ ವ್ಯವಹಾರ, ಒಟ್ಟು 2,84,807. ಅದರಲ್ಲಿ ವಂಚನೆ 492 ಮಾತ್ರ. ಸಂದರ್ಶಕಿ ಮೊದಲು ಕೇಳಿದ್ದು, "ಯಾವುದೂ ವಂಚನೆ ಅಲ್ಲ ಅಂತ ಕಣ್ಣು ಮುಚ್ಚಿ ಹೇಳೋ ಮಾಡೆಲ್‌ನ ಅಕ್ಯುರಸಿ ಎಷ್ಟು ಬರುತ್ತೆ?"

ಶೇ. 99.83. ಒಂದು ವಂಚನೆಯನ್ನೂ ಹಿಡಿಯದೆ!

ಆಮೇಲೆ ಅವರೇ ಬೋರ್ಡಿನ ಮೇಲೆ ಬರೆದರು. ಇನ್ನೊಂದು ಮಾಡೆಲ್ 400 ವಂಚನೆ ಹಿಡಿಯುತ್ತದೆ, ಜೊತೆಗೆ 1,600 ಸರಿಯಾದ ವ್ಯವಹಾರಗಳನ್ನೂ ತಡೆಯುತ್ತದೆ ಅಂದುಕೊಳ್ಳಿ. ಅದರ ಅಕ್ಯುರಸಿ ಶೇ. 99.41, ಅಂದರೆ ಏನೂ ಮಾಡದ ಮಾಡೆಲ್‌ಗಿಂತ ಕಮ್ಮಿ. ಆದರೆ ರೀಕಾಲ್, ಅಂದರೆ ಇದ್ದ ವಂಚನೆಗಳಲ್ಲಿ ಹಿಡಿದ ಪಾಲು, ಶೇ. 81; ಪ್ರಿಸಿಷನ್, ಅಂದರೆ ತಡೆದವುಗಳಲ್ಲಿ ನಿಜವಾದ ವಂಚನೆಯ ಪಾಲು, ಶೇ. 20. "ಬ್ಯಾಂಕ್ ಯಾವುದನ್ನು ತಗೋಬೇಕು?" ಇದೇ ಕೇಸ್ ಪ್ರಶ್ನೆ. ತಪ್ಪಿಹೋದ ಒಂದು ವಂಚನೆಯಿಂದ ಎಷ್ಟು ನಷ್ಟ, ಸುಮ್ನೆ ಕಾರ್ಡ್ ತಡೆದರೆ ಗ್ರಾಹಕರಿಗೆ ಎಷ್ಟು ತೊಂದರೆ, ದಿನಕ್ಕೆ ಎಷ್ಟು ಎಚ್ಚರಿಕೆಗಳನ್ನು ಸಿಬ್ಬಂದಿ ಪರೀಕ್ಷಿಸಬಲ್ಲರು ಎಂದು ಮೊದಲು ಕೇಳಿ ತಿಳಿದುಕೊಂಡು, ಆಮೇಲೆ ಥ್ರೆಶೋಲ್ಡ್, ಅಂದರೆ ಎಷ್ಟು ಅನುಮಾನ ಬಂದರೆ ತಡೆಯಬೇಕೆಂಬ ಗಡಿ, ಎಲ್ಲಿಡಬೇಕು ಅನ್ನಬೇಕು. ಪಿಡಿಎಫ್‌ನಲ್ಲಿ ಇದರ ಸುಳಿವೇ ಇಲ್ಲ.

ಇನ್ನೊಂದು ಅನ್ಯಾಯ ನೋಡಿ. ಆ ಡೇಟಾದ `V14` ಕಾಲಂ ಅಂದರೆ "ಗ್ರಾಹಕರ ಖರ್ಚಿನ ಅಭ್ಯಾಸ" ಎಂದು ಹೇಳಲು ಕಲಿಸಿದ್ದರು. `V1`ರಿಂದ `V28`ರವರೆಗಿನ ಕಾಲಂಗಳು ಪಿಸಿಎ ಮಾಡಿ, ಅಂದರೆ ಮೂಲ ಕಾಲಂಗಳನ್ನು ಲೆಕ್ಕದಿಂದ ಬೆರೆಸಿ, ಬಂದವು. ಮೂಲ ಕಾಲಂಗಳನ್ನು ಗೋಪ್ಯತೆಗಾಗಿ ಬಹಿರಂಗ ಮಾಡಿಯೇ ಇಲ್ಲ. ಸಂದರ್ಶಕಿಗೆ ಇದು ಗೊತ್ತಿತ್ತು, ಗೊತ್ತಿರದೇ ಇರುತ್ತಾ?

ಅಂಕಿಅಂಶದ ಪ್ರಶ್ನೆಗೂ ಅದೇ ಗತಿ. ಪಿ-ವ್ಯಾಲ್ಯೂ 0.03 ಬಂದರೆ "ನಲ್ ಹೈಪಾಥಿಸಿಸ್ ನಿಜವಾಗಿರುವ ಸಾಧ್ಯತೆ ಶೇ. 3" ಎಂದು ಬರೆದುಕೊಟ್ಟಿದ್ದರು. ತಪ್ಪು. ನಲ್, ಅಂದರೆ ವ್ಯತ್ಯಾಸವೇ ಇಲ್ಲ ಎಂಬ ಊಹೆ, ನಿಜ ಎಂದೇ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಿಸುವ ಸಾಧ್ಯತೆ ಶೇ. 3 ಎಂದು ಅದರ ಅರ್ಥ.

ಡೆಮೊ ಕ್ಲಾಸಿಗೆ ಹೋದರೆ ಪ್ರಾಜೆಕ್ಟಿನ ನೋಟ್‌ಬುಕ್ ತೆರೆಸಿ ನೋಡಿ. ನಮ್ಮದರಲ್ಲಿ ಹೀಗಿತ್ತು:

```
X2, y2 = SMOTE().fit_resample(X, y)
train_test_split(X2, y2)
```

ಸ್ಮೋಟ್ ಇರುವ ವಂಚನೆಗಳ ನಡುವೆ ಕೃತಕ ಸಾಲುಗಳನ್ನು ಹುಟ್ಟಿಸುತ್ತದೆ. ಡೇಟಾವನ್ನು ಟ್ರೈನಿಂಗ್, ಟೆಸ್ಟ್ ಎಂದು ಭಾಗ ಮಾಡುವ ಮೊದಲೇ ಹಾಗೆ ಮಾಡಿದರೆ ಟೆಸ್ಟ್ ಡೇಟಾದ ನಕಲಿನಂಥ ಸಾಲುಗಳು ಟ್ರೈನಿಂಗ್‌ಗೆ ಸೇರುತ್ತವೆ, ಟೆಸ್ಟ್‌ನಲ್ಲೂ ಅರ್ಧಕ್ಕರ್ಧ ವಂಚನೆಯೇ ಇರುತ್ತದೆ. ಆ 99.9 ಬಂದದ್ದು ಹಾಗೆ. ಮೊದಲು ಭಾಗ ಮಾಡಿ, ಟ್ರೈನಿಂಗ್ ಭಾಗಕ್ಕೆ ಮಾತ್ರ ಸ್ಮೋಟ್ ಹಾಕಬೇಕು. ಈ ಎರಡು ಸಾಲು ಯಾಕೆ ಈ ಕ್ರಮದಲ್ಲಿವೆ ಎಂದು ಕೇಳಿ. ಮೇಷ್ಟ್ರು ತಡವರಿಸಿದರೆ ಫೀಸ್ ಕಟ್ಟಬೇಡಿ.