ಹಲವರು ಬರೆದದ್ದಕ್ಕೆ ಒಂದೇ ದನಿ: ಲಿಬ್ರೆಆಫೀಸ್ ರೈಟರ್ ಜೊತೆ ಕೆಲವು ವರ್ಷ

ಬರಹ ಸಿದ್ಧಪಡಿಸುವ ತಂತ್ರಾಂಶ ಲಿಬ್ರೆಆಫೀಸ್ ರೈಟರ್ ಉಚಿತ, ಕನ್ನಡ ಯೂನಿಕೋಡ್ ಚೆನ್ನಾಗಿ ತೋರಿಸುತ್ತದೆ, ಲಿನಕ್ಸ್‌ನಲ್ಲೂ ವಿಂಡೋಸ್‌ನಲ್ಲೂ ನಡೆಯುತ್ತದೆ. ಇದೆಲ್ಲ ಎಲ್ಲರಿಗೂ ಗೊತ್ತಿರುವ ಮಾತು. ನಾನು ಇಲ್ಲಿ ಒಂದೇ ಕೆಲಸದ ಬಗ್ಗೆ ಹೇಳುತ್ತೇನೆ. ನಮ್ಮ ಬಡಾವಣೆಯ ನಿವಾಸಿಗಳ ಸಂಘ ಮಳೆನೀರು ಕೊಯ್ಲಿನ ಒಂದು ಪುಟ್ಟ ಕೈಪಿಡಿ ತರುತ್ತದೆ, ಆಗಾಗ ಅದನ್ನು ತಿದ್ದಿ ಮತ್ತೆ ಅಚ್ಚು ಹಾಕಿಸುತ್ತದೆ. ಬರೆಯುವವರು ಹಲವರು, ಜೋಡಿಸುವುದು ನಾನು. ಮೂವರ ಪ್ಯಾರಾಗಳನ್ನು ಒಟ್ಟಿಗೆ ಇಟ್ಟಾಗ ಓದುವವರಿಗೆ ಒಬ್ಬರೇ ಬರೆದಂತೆ ಅನಿಸಬೇಕು. ಈ ಕೆಲಸಕ್ಕೆ ರೈಟರ್ ಎಷ್ಟು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದೇ ಈ ವಿಮರ್ಶೆ.

ತೊಂದರೆ ಏನೆಂದು ಮೊದಲು ತೋರಿಸಿಬಿಡುತ್ತೇನೆ. ಮಳೆಗಾಲದ ಮೊದಲ ಮಳೆಯ ನೀರನ್ನು ಸಂಪಿನೊಳಗೆ ಬಿಡಬಾರದು ಎಂಬ ಒಂದೇ ವಿಷಯ ಮೂರು ಕಡೆಯಿಂದ ಬಂತು. ನಿವೃತ್ತ ಎಂಜಿನಿಯರ್ ಒಬ್ಬರು ಹೀಗೆ ಬರೆದಿದ್ದರು: "ಮೊದಲ ಮಳೆಯ ನೀರನ್ನು ಹೊರಬಿಡತಕ್ಕದ್ದು. ಸದರಿ ನೀರಿನಲ್ಲಿ ಧೂಳು ಹಾಗೂ ಪಕ್ಷಿಗಳ ಹಿಕ್ಕೆ ಇರುತ್ತದೆ." ಶಾಲೆಯ ಮೇಷ್ಟ್ರು ಬರೆದದ್ದು: "ಬನ್ನಿ, ಮೊದಲ ಮಳೆಯ ನೀರನ್ನು ಏಕೆ ಬಿಟ್ಟುಬಿಡಬೇಕೆಂದು ತಿಳಿಯೋಣ!" ಪ್ಲಂಬರ್ ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ ಕಳಿಸಿದ್ದನ್ನು ಸಂಘದ ಹುಡುಗಿಯೊಬ್ಬಳು ಟೈಪ್ ಮಾಡಿದ್ದಳು: "ನಾನೇನ್ ಮಾಡ್ತೀನಿ ಅಂದ್ರೆ, ಕೆಳಗಿನ ವಾಲ್ವ್ ತೆಗ್ದು ಬಿಟ್ಬಿಡ್ತೀನಿ, ನೀರು ತಿಳಿ ಆದ್ಮೇಲೆ ಮುಚ್ತೀನಿ."

ಮೂರೂ ಸರಿ. ಪ್ಲಂಬರ್ ಹೇಳಿದ್ದಂತೂ ಉಳಿದಿಬ್ಬರದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವಂಥದ್ದು. ಆದರೆ ಒಂದರ ಕೆಳಗೆ ಒಂದು ಇಟ್ಟರೆ ಓದುವವರಿಗೆ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ. ಒಂದು ಸಾಲಿನಲ್ಲಿ ಸರ್ಕಾರಿ ಆದೇಶ, ಮುಂದಿನ ಸಾಲಿನಲ್ಲಿ ತರಗತಿ, ಆಮೇಲೆ ಪಕ್ಕದ ಮನೆಯವರ ಮಾತು. ಪದಗಳನ್ನು ಬದಲಿಸಿದರೆ ಇದು ಸರಿಹೋಗುವುದಿಲ್ಲ. ಹೇಳುತ್ತಿರುವವರು ಯಾರು, ಕೇಳುತ್ತಿರುವವರು ಯಾರು, ಕ್ರಿಯಾಪದ ಹೇಗೆ ಮುಗಿಯಬೇಕು ಎಂಬ ಮೂರನ್ನು ಮೊದಲೇ ತೀರ್ಮಾನ ಮಾಡಬೇಕು. ನಾವು ಮಾಡಿದ ತೀರ್ಮಾನ ಇದು: ಹೇಳುವವರು ಎದುರಿಗೆ ಬರುವುದಿಲ್ಲ, "ನಾನು", "ನಾವು" ಇಲ್ಲ. ಓದುವವರು "ನೀವು". ಏನಾದರೂ ಮಾಡಬೇಕಿದ್ದರೆ "ಬಿಡಿ", "ಮುಚ್ಚಿ", "ತೊಳೆಯಿರಿ". ಹಾಗಾಗಿ ಆ ಪ್ಯಾರಾ ಕೊನೆಗೆ ಹೀಗಾಯಿತು:

"ಮೊದಲ ಮಳೆಯ ನೀರನ್ನು ಹೊರಗೆ ಬಿಡಿ. ಅದರಲ್ಲಿ ತಾರಸಿಯ ಧೂಳು, ಹಕ್ಕಿಗಳ ಹಿಕ್ಕೆ ಇರುತ್ತದೆ. ಕೆಳಗಿನ ವಾಲ್ವ್ ತೆರೆದಿಡಿ, ನೀರು ತಿಳಿಯಾದ ಮೇಲೆ ಮುಚ್ಚಿ."

ಈಗ ರೈಟರ್ ವಿಷಯ. ನನಗೆ ಇದರಲ್ಲಿ ಅತಿ ಹೆಚ್ಚು ನೆರವಾದದ್ದು ಪ್ಯಾರಾಗ್ರಾಫ್ ಸ್ಟೈಲ್. ಜನ ಇದನ್ನು ತಲೆಬರಹ ದಪ್ಪ ಮಾಡಲು ಬಳಸುತ್ತಾರೆ. ನಾನು ಬಳಸುವುದು ಬರೆದವರನ್ನು ಗುರುತಿಸಲು. ಮೊದಲು "ಕೈಪಿಡಿ" ಎಂದು ಒಂದು ಸ್ಟೈಲ್, ಅದು ಕೊನೆಯ ರೂಪ. ಅದರ ಕೆಳಗೆ ಒಬ್ಬೊಬ್ಬರಿಗೆ ಒಂದೊಂದು: "ಕರಡು-ಎಂಜಿನಿಯರ್", "ಕರಡು-ಮೇಷ್ಟ್ರು", "ಕರಡು-ಪ್ಲಂಬರ್". ಮೂರೂ "ಕೈಪಿಡಿ"ಯಿಂದಲೇ ಹುಟ್ಟಿದವು, ಅಂದರೆ `Inherit from` ಎಂಬಲ್ಲಿ ಅದನ್ನೇ ಆರಿಸಿರಬೇಕು. ವ್ಯತ್ಯಾಸ ಹಿನ್ನೆಲೆಯ ಬಣ್ಣ ಮಾತ್ರ. ಒಬ್ಬರಿಗೆ ತೆಳು ಹಳದಿ, ಒಬ್ಬರಿಗೆ ನೀಲಿ, ಇನ್ನೊಬ್ಬರಿಗೆ ಹಸಿರು.

ಬಂದ ಬರಹವನ್ನು `Paste Unformatted Text` ಮೂಲಕ ಅಂಟಿಸಿ, ಅವರವರ ಸ್ಟೈಲ್ ಕೊಡುತ್ತೇನೆ. ಅಂಟಿಸುವಾಗ ಅವರ ಫಾಂಟು, ಅಕ್ಷರದ ಗಾತ್ರ ಜೊತೆಗೆ ಬರಲು ಬಿಡಬಾರದು. ಬಂದರೆ ದನಿ ಬೇರೆಯಾಗಿದೆಯೋ ಬರೀ ಫಾಂಟು ಬೇರೆಯೋ ಎಂದು ಕಣ್ಣಿಗೆ ಗೊಂದಲವಾಗುತ್ತದೆ. ಆಮೇಲೆ ಒಂದೊಂದೇ ಪ್ಯಾರಾವನ್ನು ನಮ್ಮ ದನಿಗೆ ತಿರುಗಿಸಿ ಬರೆದು, ಅದಕ್ಕೆ "ಕೈಪಿಡಿ" ಸ್ಟೈಲ್ ಹಾಕಿದರೆ ಬಣ್ಣ ಹೋಗುತ್ತದೆ. ಪುಟದಲ್ಲಿ ಬಣ್ಣ ಇದೆ ಎಂದರೆ ಅಲ್ಲಿ ಇನ್ನೂ ಕೆಲಸ ಬಾಕಿ ಇದೆ. `Find & Replace` ಕಿಟಕಿಯಲ್ಲಿ `Paragraph Styles` ಎಂಬ ಗುರುತು ಹಾಕಿ, "ಕರಡು-ಎಂಜಿನಿಯರ್" ಆರಿಸಿ `Find All` ಒತ್ತಿದರೆ ಅವರ ಪ್ಯಾರಾಗಳೆಲ್ಲ ಒಟ್ಟಿಗೆ ಆಯ್ಕೆಯಾಗುತ್ತವೆ. ಒಬ್ಬರದ್ದನ್ನೇ ಸಾಲಾಗಿ ಓದಿದಾಗ ಅವರ ಅಭ್ಯಾಸಗಳು ಬೇಗ ಸಿಗುತ್ತವೆ. ಎಂಜಿನಿಯರ್ ಅವರದ್ದು "ಸದರಿ", "ಮೇಲ್ಕಂಡ", "ತಕ್ಕದ್ದು". ಮೇಷ್ಟ್ರದ್ದು ಪ್ರತಿ ಪ್ಯಾರಾ ಕೊನೆಗೊಂದು ಆಶ್ಚರ್ಯಸೂಚಕ, ಪ್ರತಿ ಆರಂಭಕ್ಕೊಂದು "ಬನ್ನಿ".

ಎಲ್ಲರೂ ಹೊಗಳುವ `Track Changes` ಈ ಹಂತದಲ್ಲಿ ನನಗೆ ಅಷ್ಟು ಒಗ್ಗಲಿಲ್ಲ. ಸಣ್ಣ ತಿದ್ದುಪಡಿಗೆ ಅದು ಬಂಗಾರ. ಆದರೆ ದನಿ ಬದಲಿಸುವುದೆಂದರೆ ಪ್ರತಿ ವಾಕ್ಯದ ಕೊನೆ ಬದಲಾಗುತ್ತದೆ, ಕರ್ತೃ ಹೋಗುತ್ತದೆ, ಮೂರು ವಾಕ್ಯ ಎರಡಾಗುತ್ತದೆ. ಪುಟ ತುಂಬ ಗೀಟು ಹೊಡೆದ ಕೆಂಪು ಅಕ್ಷರ. ಅದರ ನಡುವೆ ವಾಕ್ಯದ ಲಯ ಕೇಳಿಸುವುದೇ ಇಲ್ಲ. ಅದಕ್ಕೇ ತಿರುಗಿಸಿ ಬರೆಯುವಾಗ ಅದನ್ನು ಆಫ್ ಮಾಡಿಟ್ಟು, ಹಳೆಯ ಪ್ರತಿಯನ್ನು ಬೇರೆ ಹೆಸರಲ್ಲಿ ಉಳಿಸಿಕೊಳ್ಳುತ್ತೇನೆ. ಯಾರಾದರೂ "ನಾನು ಬರೆದದ್ದು ಎಲ್ಲಿ ಹೋಯ್ತು?" ಎಂದು ಕೇಳಿದರೆ ಹಳೆಯದನ್ನೂ ಹೊಸದನ್ನೂ `Compare Document` ಮೂಲಕ ತೋರಿಸಬಹುದು. ಕೇಳುತ್ತಾರೆ, ಅದರಲ್ಲಿ ಅನುಮಾನವೇ ಬೇಡ. ಕೊನೆಯ ಸುತ್ತಿನಲ್ಲಿ, ಬರೆದವರು ಒಮ್ಮೆ ನೋಡಿ ತಿದ್ದುವಾಗ ಮಾತ್ರ `Track Changes` ಹಾಕಿ ಕಳಿಸುತ್ತೇನೆ. ಆಗ ಯಾರು ಏನು ಬದಲಿಸಿದರು ಎಂದು ಬಣ್ಣದಲ್ಲೇ ಗೊತ್ತಾಗುತ್ತದೆ.

ಹುಡುಕಿ ಬದಲಿಸುವುದರಲ್ಲಿ ಕನ್ನಡಕ್ಕೆ ಅದರದ್ದೇ ಆದ ತೊಡಕುಗಳಿವೆ. "ಟ್ಯಾಂಕ್" ಎಂದು ಹುಡುಕಿದರೆ "ಟ್ಯಾಂಕಿನ", "ಟ್ಯಾಂಕಿಗೆ" ಸಿಗುವುದಿಲ್ಲ, ಯಾಕೆಂದರೆ ವಿಭಕ್ತಿ ಸೇರಿದಾಗ ಕೊನೆಯ ಅಕ್ಷರವೇ ಬೇರೆ. `Regular expressions` ಗುರುತು ಹಾಕಿ "ಟ್ಯಾಂಕ" ಎಂದು ಹುಡುಕಿದರೆ ಎಲ್ಲ ರೂಪವೂ ಸಿಗುತ್ತದೆ. ಆದರೆ `Replace All` ಮಾತ್ರ ಬೇಡ. ನಮ್ಮ ಎಂಜಿನಿಯರ್ "ಟ್ಯಾಂಕ್" ಎಂದಿದ್ದು ನೆಲದಡಿಯ ಸಂಪಿಗೆ, ಪ್ಲಂಬರ್ ಹೇಳಿದ್ದು ತಾರಸಿ ಮೇಲಿನ ಟ್ಯಾಂಕಿಗೆ. ಎರಡನ್ನೂ ಒಂದೇ ಮಾಡಿದರೆ ದನಿ ಒಂದಾಗುತ್ತದೆ, ಮಳೆನೀರು ಮಾತ್ರ ತಪ್ಪು ಕಡೆಗೆ ಹೋಗುತ್ತದೆ. ಹಾಗೇ "ಹಾಗೂ" ತೆಗೆದು "ಮತ್ತು" ಹಾಕಲು ಹೊರಟರೆ "ಹಾಗೂ ಹೀಗೂ" ಎಂಬುದು "ಮತ್ತು ಹೀಗೂ" ಆಗಿ ಕೂರುತ್ತದೆ. ಕಚೇರಿ ಕನ್ನಡದ "ಇರುತ್ತದೆ" ಕೂಡ ಹೀಗೇ. "ಈ ಬಡಾವಣೆಯಲ್ಲಿ ಒಂದು ಬಾವಿ ಇರುತ್ತದೆ" ಎಂಬಲ್ಲಿ "ಇದೆ" ಸಾಕು. ಮೇಲಿನ ಹಿಕ್ಕೆಯ ವಾಕ್ಯದಲ್ಲಿ "ಇರುತ್ತದೆ" ಎಂಬುದೇ ಸರಿ, ಅಲ್ಲಿ ಹೇಳುತ್ತಿರುವುದು ಯಾವಾಗಲೂ ಆಗುವುದನ್ನು. ಒಂದೊಂದೇ ನೋಡಿ ಬದಲಿಸದೆ ಬೇರೆ ದಾರಿ ಇಲ್ಲ.

ಕಣ್ಣಿಗೆ ಕಾಣದ ಇನ್ನೊಂದು ತೊಡಕಿದೆ. ಕೆಲವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಟೈಪ್ ಮಾಡಿರುತ್ತಾರೆ. "ಸಂಪು" ಮತ್ತು "ಸ೦ಪು" ನೋಡಲು ಹೆಚ್ಚುಕಡಿಮೆ ಒಂದೇ, ಹುಡುಕಿದರೆ ಮಾತ್ರ ಬೇರೆ ಬೇರೆ. ಅನುಮಾನ ಬಂದರೆ ಆ ಸೊನ್ನೆಯ ಬಲಕ್ಕೆ ಕರ್ಸರ್ ಇಟ್ಟು Alt+X ಒತ್ತಿ. `U+0CE6` ಎಂದು ಬಂದರೆ ಅದು ಅಂಕಿ. ಮತ್ತೆ Alt+X ಒತ್ತಿದರೆ ಮೊದಲಿನಂತಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಸರಿಮಾಡಲು `Regular expressions` ಹಾಕಿ ಹೀಗೆ ಕೊಡಿ:

```
Find:    ([\u0C85-\u0CCC])\u0CE6
Replace: $1ಂ
```

ಅಕ್ಷರದ ಅಥವಾ ಸ್ವರಚಿಹ್ನೆಯ ಹಿಂದೆಯೇ ಬಂದ ಸೊನ್ನೆಯನ್ನು ಮಾತ್ರ ಇದು ಹಿಡಿಯುತ್ತದೆ. "೧೦" ಎಂಬಂಥ ಅಂಕಿಗಳಿಗೆ ಏನೂ ಆಗುವುದಿಲ್ಲ. ಇದೊಂದಕ್ಕೆ `Replace All` ಧೈರ್ಯವಾಗಿ ಒತ್ತಬಹುದು. ಬೇರೆ ಯಾವ ಹುಡುಕಾಟ ಮಾಡುವ ಮೊದಲೂ ಇದನ್ನು ಮುಗಿಸಿಕೊಳ್ಳಿ, ಇಲ್ಲದಿದ್ದರೆ ಅರ್ಧ "ಸಂಪು"ಗಳು ಕೈಗೆ ಸಿಗದೆ ಹೋಗುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಬಂದ ಫೈಲಾದರೆ ಅದಕ್ಕೂ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಆ ಕೆಲಸ ರೈಟರ್ ಮಾಡುವುದಿಲ್ಲ.

ಅಳತೆಯೂ ದನಿಯ ಭಾಗ ಎಂದು ನನಗೆ ಇಲ್ಲೇ ಗೊತ್ತಾಗಿದ್ದು. ಎಂಜಿನಿಯರ್ "100 ಚದರ ಮೀಟರ್ ತಾರಸಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್" ಎಂದು ಬರೆದರು. ಪ್ಲಂಬರ್‌ಗೆ ಲೆಕ್ಕವೆಲ್ಲ ಮೂವತ್ತು-ನಲವತ್ತರ ಸೈಟಿನಲ್ಲಿ. ಓದುವವರಿಗೂ ಅಷ್ಟೇ. ಹಾಗಾಗಿ ಪುಸ್ತಕದ ಉದ್ದಕ್ಕೂ ತಾರಸಿ ಎಂದರೆ 30x40 ಅಡಿ, ಅಂದರೆ 1200 ಚದರ ಅಡಿ, ಸುಮಾರು 111 ಚದರ ಮೀಟರ್. ಪೂರ್ತಿ ತಾರಸಿ ಎಂದಿಟ್ಟುಕೊಂಡರೆ 1 ಮಿಲಿಮೀಟರ್ ಮಳೆಗೆ ಸುಮಾರು 111 ಲೀಟರ್. ಒಬ್ಬರು ಚದರ ಮೀಟರ್, ಮುಂದಿನ ಪುಟದಲ್ಲಿ ಇನ್ನೊಬ್ಬರು ಚದರ ಅಡಿ ಎಂದರೆ, ವಾಕ್ಯ ಎಷ್ಟೇ ಹದವಾಗಿದ್ದರೂ ಇಬ್ಬರು ಬರೆದದ್ದೆಂದು ಗೊತ್ತಾಗಿಯೇ ಹೋಗುತ್ತದೆ.

ಇನ್ನು ದೂರುಗಳು. ಕನ್ನಡದ ಫಾಂಟನ್ನು ಸ್ಟೈಲ್‌ನಲ್ಲಿ `CTL Font` ಎಂಬಲ್ಲಿ, ಹೊಸ ಆವೃತ್ತಿಗಳಲ್ಲಾದರೆ `Complex` ಎಂಬಲ್ಲಿ ಬದಲಿಸಬೇಕು. `Western` ಎಂಬಲ್ಲಿರುವ ಫಾಂಟನ್ನು ಬದಲಿಸುತ್ತ ಕೂತರೆ ಕನ್ನಡಕ್ಕೆ ಏನೂ ಆಗುವುದಿಲ್ಲ. ಹೊಸಬರು ಇಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ. ಒಂದೇ ಫೈಲನ್ನು ಹಲವರು ಏಕಕಾಲಕ್ಕೆ ಆನ್‌ಲೈನಲ್ಲಿ ತಿದ್ದುವ ವ್ಯವಸ್ಥೆ ನಾನು ಬಳಸುವ ರೈಟರ್‌ನಲ್ಲಿ ಇಲ್ಲ. ಹಾಗೆ ಬೇಕು ಎನ್ನುವವರಿಗೆ ಇದು ಆಗಿಬರುವುದಿಲ್ಲ. ನನ್ನ ಮಟ್ಟಿಗೆ ಇದು ಒಳ್ಳೆಯದೇ ಆಯಿತು. ಎಲ್ಲರೂ ಒಟ್ಟಿಗೆ ತಿದ್ದುವ ಫೈಲಿನಲ್ಲಿ ನಾನು "ಬಿಡಿ" ಎಂದು ಬರೆದದ್ದು ಮರುದಿನ "ಬಿಡತಕ್ಕದ್ದು" ಆಗಿರುತ್ತದೆ. ಅಚ್ಚಿಗೆ ಹೋಗುವ ತನಕ ಫೈಲು ಒಬ್ಬರ ಕೈಯಲ್ಲಿದ್ದರೆ ಜಗಳ ಕಡಿಮೆ.

ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಒಂದು ಆ ಫಾಂಟಿನ ಗೋಜಲಿಗೆ.

ಒಂದು ಸೇರಿಸಬೇಕು. ಪ್ಲಂಬರ್ ಅವರ ಮಾತನ್ನು ಪೂರ್ತಿ ಕರಗಿಸಲಿಲ್ಲ. ಮಾಡುವ ವಿಧಾನ ಪಠ್ಯದೊಳಗೆ ನಮ್ಮ ದನಿಯಲ್ಲಿ ಬಂತು. ಆದರೆ ಫಿಲ್ಟರಿನ ಮರಳು ಯಾವಾಗ ತೊಳೆಯಬೇಕು ಎಂದು ಅವರು ಹೇಳಿದ್ದು ತೀರಾ ಚೆನ್ನಾಗಿತ್ತು: "ನೀರು ಕೆಳಗಿಳಿಯೋಕೆ ಯೋಚ್ನೆ ಮಾಡ್ತಾ ಇದೆ ಅನ್ಸಿದ್ರೆ ತೊಳ್ಕೊಳಿ." ಅದಕ್ಕೆ "ಅನುಭವ" ಎಂದು ಬೇರೆ ಸ್ಟೈಲ್ ಮಾಡಿ, ಸುತ್ತ ಗೆರೆ ಹಾಕಿ, ಅವರ ಹೆಸರಿನೊಂದಿಗೆ ಹಾಗೇ ಅಚ್ಚು ಹಾಕಿಸಿದೆವು. ಚೌಕಟ್ಟು ಇದ್ದರೆ ಬೇರೆ ದನಿ ಕೇಳಿದರೂ ಓದುವವರು ಗಲಿಬಿಲಿಗೊಳ್ಳುವುದಿಲ್ಲ. ಎಂಜಿನಿಯರ್ ಅವರಿಗೂ ಅಂಥದ್ದೊಂದು ಚೌಕಟ್ಟು ಬೇಕಂತೆ, ಮುಂದಿನ ಮುದ್ರಣಕ್ಕೆ ಈಗಾಗಲೇ ಹೇಳಿಟ್ಟಿದ್ದಾರೆ.