ಹಿಸ್3 ಪ್ಲೇಟಾ, ಏಡ್2 ಪ್ಲೇಟಾ?

ಎರಡು ಪ್ರೋಟೀನ್ ಒಂದಕ್ಕೊಂದು ಅಂಟ್ತವಾ ಅಂತ ನೋಡೋ ಯೀಸ್ಟ್ ಟೂ-ಹೈಬ್ರಿಡ್ ಲಾಜಿಕ್ ಇಷ್ಟೇ: ಗ್ಯಾಲ್4 ಪ್ರೋಟೀನನ್ನ ಎರಡು ತುಂಡು ಮಾಡಿ, ಡಿಎನ್‌ಎಗೆ ಅಂಟೋ ತುಂಡನ್ನ ನಮ್ಮ ಪ್ರೋಟೀನ್‌ಗೂ ಅಂದ್ರೆ ಬೇಟ್‌ಗೂ, ಜೀನ್ ಆನ್ ಮಾಡೋ ತುಂಡನ್ನ ಅದಕ್ಕೆ ಅಂಟತ್ತಾ ಅಂತ ನೋಡೋ ಪ್ರೋಟೀನ್‌ಗೂ ಅಂದ್ರೆ ಪ್ರೇಗೂ ಸೇರಿಸ್ತೀವಿ, ಬೇಟ್-ಪ್ರೇ ಅಂಟ್ಕೊಂಡ್ರೆ ರಿಪೋರ್ಟರ್ ಜೀನ್ ಆನ್ ಆಗಿ ಯೀಸ್ಟ್ ಬೆಳೆಯತ್ತೆ. ಆ ಜೀನ್ ಹಿಸ್3 ಆದ್ರೆ ಹಿಸ್ಟಿಡಿನ್, ಏಡ್2 ಆದ್ರೆ ಅಡಿನಿನ್ ಯೀಸ್ಟ್ ತಾನೇ ಮಾಡ್ಕೊಳ್ಳತ್ತೆ.

ಹಿಸ್ಟಿಡಿನ್ ಇಲ್ಲದ ಪ್ಲೇಟಲ್ಲಿ ವೀಕ್ ಜೋಡಿನೂ ಸಿಗತ್ತೆ, ಆದ್ರೆ ಹಿಸ್3 ಲೀಕ್ ಆಗತ್ತೆ, ಏನೂ ಅಂಟದಿದ್ರೂ ಪುಟ್ಟ ಪುಟ್ಟ ಕಾಲೊನಿ ಬರ್ತವೆ, ಅದಕ್ಕೇ ಹಿಸ್3 ಕೆಲಸ ತಡೆಯೋ 3-ಎಟಿ ಹಾಕೋದು. ಅಡಿನಿನ್ ಇಲ್ಲದ ಪ್ಲೇಟ್ ಸ್ಟ್ರಿಕ್ಟು, ಕಸ ಕಮ್ಮಿ, ವೀಕ್ ಜೋಡಿ ತಪ್ಪೋಗತ್ತೆ. ಇನ್ನೊಂದು ಅನುಕೂಲ, ಅಡಿನಿನ್ ಕಮ್ಮಿ ಇಟ್ರೆ ಏಡ್2 ಆಫ್ ಇರೋ ಕಾಲೊನಿ ಕೆಂಪಗೆ, ಆನ್ ಇರೋದು ಬೆಳ್ಳಗೆ ಕಾಣತ್ತೆ.

ಆದ್ರೆ ಬೇಟೇ ಒಬ್ಬಂಟಿಯಾಗಿ ಜೀನ್ ಆನ್ ಮಾಡಿದ್ರೆ ಯಾವ ಪ್ಲೇಟೂ ಪೂರ್ತಿ ಕಾಪಾಡಲ್ಲ. ಸ್ಕ್ರೀನ್‌ಗೆ ಮೊದ್ಲೇ ಬೇಟ್ ಜೊತೆ ಖಾಲಿ ಪ್ರೇ ವೆಕ್ಟರ್ ಹಾಕಿ, 3-ಎಟಿ 0, 5, 10 ಮಿಲಿಮೋಲಾರ್ ಪ್ಲೇಟಲ್ಲಿ ನೋಡಿ. 5ಕ್ಕೆ ಬೆಳವಣಿಗೆ ನಿಂತ್ರೆ ಹಿಸ್3 ಪ್ಲೇಟಲ್ಲಿ 5 ಹಾಕಿ ಮುಂದುವರೀರಿ, ಅಡಿನಿನ್ ಇಲ್ಲದ ಪ್ಲೇಟಲ್ಲೂ ಬೆಳೆದ್ರೆ ಬೇಟಲ್ಲಿ ಜೀನ್ ಆನ್ ಮಾಡೋ ಭಾಗನೇ ಕತ್ತರಿಸಿ ತೆಗೀಬೇಕು.

ಹಿಟ್ ಸಿಕ್ಮೇಲೆ ಪ್ರೇ ಪ್ಲಾಸ್ಮಿಡ್ ತೆಗೆದು ಸಂಬಂಧವೇ ಇಲ್ಲದ ಲ್ಯಾಮಿನ್ ಬೇಟ್ ಜೊತೆ ಹಾಕಿ, ಅಲ್ಲೂ ಬೆಳೆದ್ರೆ ಅದು ಸಿಕ್ಕಸಿಕ್ಕವರಿಗೆಲ್ಲ ಅಂಟೋ ಪ್ರೇ, ಬಿಟ್ಬಿಡಿ. ನಾನಾದ್ರೆ ಸಾವಿರಾರು ಪ್ರೇ ಇರೋ ಲೈಬ್ರರಿನ ಹಿಸ್3 ಮೇಲೆ ಹಾಕಿ, ಬಂದಿದ್ದನ್ನ ಏಡ್2ಗೆ ಪ್ಯಾಚ್ ಮಾಡ್ತೀನಿ.