ಕಾಫಿ ದುಡ್ಡು: ಸ್ಮಾಲ್‌ಕ್ಯಾಪ್ ಫಂಡೋ, ನಿಫ್ಟಿ 50 ಫಂಡೋ?

ಮೂಡಿಗೆರೆಯ ನಮ್ಮ ಭಾವ ಕಾಫಿ ಮಾರಿದ ಒಂದು ಲಕ್ಷವನ್ನು ಮೊದಲ ಬಾರಿ ಮ್ಯೂಚುವಲ್ ಫಂಡಿಗೆ ಹಾಕಬೇಕೆಂದಿದ್ದಾರೆ. ಕಳೆದ ವರ್ಷಗಳ ಲಾಭ ನೋಡಿ ಸಣ್ಣ ಕಂಪನಿಗಳ ಷೇರು ಕೊಳ್ಳುವ ಸ್ಮಾಲ್‌ಕ್ಯಾಪ್ ಅಂತಾರೆ. ನಾನು ಎರಡೂ ಎಷ್ಟೆಷ್ಟು ಬಿದ್ದವೆಂಬ ಲೆಕ್ಕ ತೋರಿಸಿದೆ.

2020ರ ಮಾರ್ಚ್‌ನಲ್ಲಿ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕ ನಿಫ್ಟಿ 50 ತನ್ನ ಜನವರಿ ಎತ್ತರದಿಂದ ಸುಮಾರು ಶೇ. 40 ಕುಸಿಯಿತು, ಹಾಕಿದ ಒಂದು ಲಕ್ಷ ಅರವತ್ತು ಸಾವಿರಕ್ಕೆ ಇಳಿಯಿತು, ನವೆಂಬರ್‌ಗೆ ಮರಳಿ ಬಂತು. ಸಣ್ಣ ಕಂಪನಿಗಳ ಸೂಚ್ಯಂಕ ನಿಫ್ಟಿ ಸ್ಮಾಲ್‌ಕ್ಯಾಪ್ 100 ಮಾತ್ರ 2018ರ ಜನವರಿಯಿಂದಲೇ ಜಾರುತ್ತಾ ಹೋಗಿ ಸುಮಾರು ಮೂರನೇ ಎರಡು ಭಾಗ ಕಳೆದುಕೊಂಡಿತು. ಲಕ್ಷದಲ್ಲಿ ಉಳಿದದ್ದು ಮೂವತ್ತೈದು ಸಾವಿರದ ಆಸುಪಾಸು. ಅದು ಮತ್ತೆ ಲಕ್ಷವಾಗಲು ಹೆಚ್ಚುಕಡಿಮೆ ಮೂರು ಪಟ್ಟಾಗಬೇಕು! ಹಳೆಯ ಎತ್ತರ ದಾಟಿದ್ದು 2021ರಲ್ಲಿ. ಕಾಫಿ ಗಿಡ ನೆಟ್ಟು ಮೊದಲ ಫಸಲಿಗೆ ಕಾದಷ್ಟೇ ಹೊತ್ತು.

ಮಾರಾಟದ ಮಾತೂ ಇದೆ. ಎರಡರಲ್ಲೂ ಕೆಲವೇ ದಿನದಲ್ಲಿ ಹಣ ಕೈಗೆ ಬರುತ್ತದೆ. ಆದರೆ ಎಲ್ಲರೂ ಒಟ್ಟಿಗೆ ಓಡಿದರೆ, ಸಣ್ಣ ಕಂಪನಿಯ ಷೇರಿಗೆ ಕೊಳ್ಳುವವರೇ ಕಡಿಮೆ. ಮ್ಯಾನೇಜರ್ ಬೆಲೆ ಇಳಿಸಿ ಮಾರಬೇಕು. ತಮ್ಮಲ್ಲಿರುವ ಷೇರುಗಳಲ್ಲಿ ಅರ್ಧದಷ್ಟು ಮಾರಲು ಎಷ್ಟು ದಿನ ಬೇಕೆಂದು ಸ್ಮಾಲ್‌ಕ್ಯಾಪ್ ಫಂಡುಗಳು 2024ರಿಂದ ಸ್ಟ್ರೆಸ್ ಟೆಸ್ಟ್‌ನಲ್ಲಿ ಪ್ರಕಟಿಸುತ್ತಿವೆ. ದೊಡ್ಡ ಫಂಡಾದಷ್ಟೂ ದಿನ ಸಾಮಾನ್ಯವಾಗಿ ಹೆಚ್ಚು.

ಭಾವನ ಮಗಳ ಕಾಲೇಜು ಫೀಸು ಮೂರು ವರ್ಷದಲ್ಲಿದೆ. ಆ ಭಾಗಕ್ಕೆ ನಿಫ್ಟಿಯೂ ಬೇಡ, ಎಫ್‌ಡಿ ಸಾಕು ಅಂದೆ. ಏಳೆಂಟು ವರ್ಷ ಮುಟ್ಟದ ದುಡ್ಡಲ್ಲಿ ನಿಫ್ಟಿಗೇ ಹೆಚ್ಚು, ಸ್ಮಾಲ್‌ಕ್ಯಾಪ್‌ಗೆ ಹತ್ತು ಸಾವಿರ, ಅದೂ ತಿಂಗಳಿಗೆ ಸಾವಿರದಂತೆ.